ಹೆಣ್ಣು ನೋಡಿ ಬಂದ ಮೇಲೆ ‘ಬೇಡ’ ಅಂತ ತಿಳಿಸುವುದು ಹೇಗೆ?

‘ಭಾನುವಾರ ಹೆಣ್ಣು ನೋಡಿಕೊಂಡು ಬಂದೆವು. ಒಳ್ಳೆಯ ಜನ, ಚೆನ್ನಾಗಿ ನೋಡಿಕೊಂಡರು. ಆದರೆ ಹುಡುಗನಿಗೆ ಒಪ್ಪಿಗೆ ಇಲ್ಲ. ಈಗ ಅವರಿಗೆ ಏನಂತ ಹೇಳೋದು?’

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಹುಡುಗಿ ಕಡೆಯವರೂ ಕೇಳುತ್ತಾರೆ, ಹುಡುಗನ ಕಡೆಯವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲೇ ಮೂರು ನಾಲ್ಕು ಮದುವೆಗಳಿಗೆ ಓಡಾಡಿದ್ದೇನೆ. ಬೇಡ ಅಂತ ಹೇಳಿದ್ದೂ ಇದೆ, ಬೇಡ ಅನ್ನಿಸಿಕೊಂಡದ್ದೂ ಇದೆ.

ಹೆಚ್ಚಿನವರು ಮಾಡುವುದು ಏನು ಗೊತ್ತಾ? ಸುಮ್ಮನಿರುವುದು. ‘ಎರಡು ವಾರ ಫೋನ್ ಮಾಡದಿದ್ದರೆ ಅವರಿಗೇ ಗೊತ್ತಾಗುತ್ತೆ ಬಿಡು’ ಅನ್ನುವುದು. ಆದರೆ ಆ ಎರಡು ವಾರ ಆ ಮನೆಯಲ್ಲಿ ಏನಾಗುತ್ತಿರುತ್ತದೆ? ಬೇರೆ ಕಡೆಯಿಂದ ಬಂದ ಜಾತಕವನ್ನು ತೆಗೆದು ನೋಡದೆ ಹಾಗೇ ಇಟ್ಟಿರುತ್ತಾರೆ. ‘ಅವರದ್ದು ಏನಾಯಿತು?’ ಎಂದು ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಕೇಳುತ್ತಿರುತ್ತಾರೆ. ತಂದೆ ಫೋನ್ ರಿಂಗಾದಾಗಲೆಲ್ಲ ಎದ್ದು ಹೋಗಿ ನೋಡುತ್ತಿರುತ್ತಾರೆ. ಬೇಡ ಅಂದದ್ದಕ್ಕಿಂತ ಈ ಕಾಯಿಸಿದ್ದಕ್ಕೇ ಜನ ಜಾಸ್ತಿ ನೊಂದುಕೊಳ್ಳುವುದನ್ನು ನೋಡಿದ್ದೇನೆ.

ಇಲ್ಲಿ ಹೇಳುತ್ತಿರುವುದು ಮೊದಲ ಭೇಟಿ ಮಾತ್ರ ಆಗಿದ್ದಾಗ ಏನು ಮಾಡಬೇಕು ಅನ್ನುವುದನ್ನು. ಎರಡೂ ಮನೆಯವರು ಕೂತು ಮದುವೆ ಮಾತುಕತೆ ಮುಗಿಸಿದ್ದರೆ, ಇಲ್ಲವೇ ಹೂ ಮುಡಿಸುವ ಶಾಸ್ತ್ರ (ಹುಡುಗನ ಕಡೆಯ ಹೆಂಗಸರು ಹುಡುಗಿಗೆ ಹೂ ಮುಡಿಸಿ ‘ಇವಳು ನಮ್ಮವಳು’ ಎಂದು ಒಪ್ಪುವುದು) ಆಗಿದ್ದರೆ ಫೋನಿನಲ್ಲಿ ಮುಗಿಯುವ ಮಾತಲ್ಲ ಅದು. ಹಿರಿಯರು ಖುದ್ದಾಗಿ ಅವರ ಮನೆಗೆ ಹೋಗಬೇಕು.

ಮಾತು ಸುಲಭವಾಗಲಿ ಅಂತ ಹುಡುಗನ ಕಡೆಯಿಂದ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗನ ತಂದೆ ತಾಯಿ ತುಮಕೂರಿನವರು, ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹುಡುಗಿ ಶಿವಮೊಗ್ಗದವಳು, ಬ್ಯಾಂಕಿನಲ್ಲಿ ನೌಕರಿ. ಸಂಬಂಧ ತಂದದ್ದು ಹುಡುಗನ ಸೋದರತ್ತೆ. ಜಾತಕ ಮೊದಲೇ ಕೂಡಿತ್ತು. ಭಾನುವಾರ ಐದು ಜನ ಹೋದರು, ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಯಿತು. ಹುಡುಗ ಹುಡುಗಿ ಟೆರೇಸಿನ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ವಾಪಸ್ ಬಂದ ಮೇಲೆ ಹುಡುಗ ‘ಒಳ್ಳೆ ಹುಡುಗಿ. ಆದ್ರೆ ನಂಗೆ ಮನಸ್ಸು ಬರ್ತಿಲ್ಲ’ ಅಂದ. ಕಾರಣ ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ಹೆಚ್ಚಿನ ಮನೆಗಳಲ್ಲಿ ಆಗುವುದು ಇದೇ.

1. ಅವರ ಮನೆಯಿಂದ ಹೊರಡುವಾಗಲೇ ದಿನ ಹೇಳಿ ಬನ್ನಿ

ಬೇಡ ಅನ್ನುವ ಕೆಲಸದ ಅರ್ಧ ಭಾಗ ಅವರ ಹೊಸ್ತಿಲ ಮೇಲೇ ಮುಗಿದಿರುತ್ತದೆ. ಚಪ್ಪಲಿ ಹಾಕಿಕೊಳ್ಳುವಾಗ ನೀವು ಏನು ಹೇಳುತ್ತೀರೋ ಅದನ್ನು ಅವರು ನೂರು ಸಲ ನೆನಪಿಸಿಕೊಳ್ಳುತ್ತಾರೆ.

‘ಮನೇಲಿ ಮಾತಾಡಿ ತಿಳಿಸ್ತೀವಿ’ ಅನ್ನುವುದು ಎಲ್ಲರೂ ಹೇಳುವ ಮಾತು. ಅದರಲ್ಲಿ ದಿನ ಇಲ್ಲ, ಯಾರು ತಿಳಿಸುತ್ತಾರೆ ಅನ್ನುವುದೂ ಇಲ್ಲ. ಅದರ ಬದಲು ಹೀಗೆ ಹೇಳಿ: ‘ಮನೆಗೆ ಹೋಗಿ ಎಲ್ಲರೂ ಕೂತು ಮಾತಾಡ್ತೀವಿ. ಬುಧವಾರದೊಳಗೆ ನಾನೇ ಫೋನ್ ಮಾಡ್ತೀನಿ. ನೀವೂ ಹುಡುಗಿ ಮನಸ್ಸಲ್ಲಿ ಏನಿದೆ ಅಂತ ಕೇಳಿ ಇಟ್ಕೊಂಡಿರಿ.’ ಕೊನೆಯ ವಾಕ್ಯ ಬಿಡಬೇಡಿ. ಒಪ್ಪುವ, ಬಿಡುವ ಹಕ್ಕು ಅವರಿಗೂ ಇದೆ ಅಂತ ಅದು ಹೇಳುತ್ತದೆ. ಮುಂದೆ ‘ಬೇಡ’ ಅನ್ನುವಾಗ ಅದು ಕೆಲಸಕ್ಕೆ ಬರುತ್ತದೆ.

ಇಲ್ಲಿ ಜನ ಎಡವುವುದು ಖುಷಿಯಲ್ಲಿ. ಆತಿಥ್ಯ ಚೆನ್ನಾಗಿತ್ತು ಅಂತ ಹುಡುಗನ ತಂದೆ ‘ಬೀಗರೇ’ ಎಂದು ಕರೆದುಬಿಡುತ್ತಾರೆ. ಅಜ್ಜಿ ಹುಡುಗಿಯ ಗಲ್ಲ ಮುಟ್ಟಿ ‘ನಮ್ಮ ಮನೆ ಲಕ್ಷ್ಮಿ’ ಅಂದುಬಿಡುತ್ತಾರೆ. ಅತ್ತೆ ತಮ್ಮ ಮುಡಿಯ ಹೂವನ್ನೇ ತುಂಡು ಮಾಡಿ ಹುಡುಗಿಗೆ ಕೊಡುತ್ತಾರೆ. ನಿಮಗೆ ಅದು ಸುಮ್ಮನೆ ಪ್ರೀತಿಯ ಮಾತು. ಅವರಿಗೆ ಅದು ಒಪ್ಪಿಗೆ. ಕೆಲವು ಮನೆಗಳಲ್ಲಿ ಸಂಬಂಧ ಕುದುರುವವರೆಗೆ ಹುಡುಗನ ಕಡೆಯವರು ಊಟಕ್ಕೆ ಕೂರುವುದಿಲ್ಲ, ತಿಂಡಿ ಕಾಫಿ ಮಾತ್ರ. ಊಟ ಮಾಡಿದರೆ ಒಪ್ಪಿದ ಹಾಗೆ ಅನ್ನುವ ಲೆಕ್ಕ. ಅವರ ಕಡೆ ಏನು ಪದ್ಧತಿ ಅಂತ ಸಂಬಂಧ ತಂದವರನ್ನು ಮೊದಲೇ ಕೇಳಿಕೊಳ್ಳಿ, ಜೊತೆಗೆ ಬರುವ ಹಿರಿಯರಿಗೂ ಕಾರಿನಲ್ಲೇ ಹೇಳಿಬಿಡಿ. ಅರಿಶಿನ ಕುಂಕುಮ ತೆಗೆದುಕೊಂಡು ಬರುವುದಕ್ಕೆ ಅಡ್ಡಿಯಿಲ್ಲ. ಅದು ಮನೆಗೆ ಬಂದ ಮುತ್ತೈದೆಗೆಲ್ಲ ಕೊಡುವಂಥದ್ದು.

2. ಮನೆಯೊಳಗೆ ಒಂದೇ ಮಾತಿಗೆ ಬನ್ನಿ

ವಾಪಸ್ ಬರುವ ಕಾರಿನಲ್ಲಿ ‘ಏನಪ್ಪಾ, ಹೆಂಗಿದಾಳೆ?’ ಎಂದು ಎಲ್ಲರ ಮುಂದೆ ಕೇಳಬೇಡಿ. ಆ ಹೊತ್ತಿನಲ್ಲಿ ಹೇಳಿದ ‘ಪರವಾಗಿಲ್ಲ’ಕ್ಕೆ ಅರ್ಥವಿಲ್ಲ. ಮಾರನೆಯ ದಿನ ತಾಯಿಯೋ ಅಕ್ಕನೋ ಒಬ್ಬರೇ ಕೇಳಲಿ. ಕೇಳುವಾಗ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಇದು ‘ಬೇಡ’ವೋ, ಇಲ್ಲ ‘ಇನ್ನೊಂದು ಸಲ ಮಾತಾಡಬೇಕು’ ಅನ್ನುವುದೋ? ಇಪ್ಪತ್ತು ನಿಮಿಷದಲ್ಲಿ ನಾಚಿಕೆಯೇ ಹದಿನೈದು ನಿಮಿಷ ತಿಂದಿರುತ್ತದೆ. ಇನ್ನೊಂದು ಭೇಟಿ ಬೇಕಾದರೆ ಅದನ್ನೇ ಕೇಳಿ. ಬೇಡ ಅಂತ ಹೇಳಿ ಆಮೇಲೆ ‘ಮತ್ತೊಮ್ಮೆ ಯೋಚನೆ ಮಾಡಿದ್ವಿ’ ಎಂದು ಹೋದರೆ ಬೇರೆ ಕಡೆ ಎಲ್ಲೂ ಸಿಗದೆ ಇಲ್ಲಿಗೆ ಬಂದಿದ್ದಾರೆ ಅಂತಲೇ ಅವರು ತಿಳಿಯುತ್ತಾರೆ.

ಹುಡುಗ ಹುಡುಗಿ ಇಬ್ಬರೂ ಇಷ್ಟಪಟ್ಟಿದ್ದು, ಹಿರಿಯರಲ್ಲಿ ಒಬ್ಬರಿಗೆ ಮಾತ್ರ ಇಷ್ಟವಿಲ್ಲದಿದ್ದರೆ ಇಲ್ಲಿ ಹೇಳಿದ ದಾರಿಯಲ್ಲಿ ಹೋಗಬೇಡಿ. ಆ ಜಗಳ ಮೊದಲು ನಿಮ್ಮ ಮನೆಯೊಳಗೆ ಮುಗಿಯಲಿ.

ಉತ್ತರ ಬೇಡ ಅಂತಲೇ ಆದರೆ ಆವತ್ತೇ ಬಾಯಿಗೆ ಬೀಗ. ಹೋಗಿದ್ದ ಐವರಲ್ಲಿ ಒಬ್ಬರು ತಮ್ಮ ತಂಗಿಗೆ, ಆ ತಂಗಿ ಇನ್ನೊಬ್ಬರಿಗೆ ಹೇಳಿ, ನಿಮ್ಮ ಫೋನಿಗೆ ಮುಂಚೆ ಸುದ್ದಿ ಶಿವಮೊಗ್ಗ ಮುಟ್ಟಿದರೆ ಮುಗಿಯಿತು. ಆಮೇಲೆ ನೀವು ಎಷ್ಟು ನಯವಾಗಿ ಮಾತಾಡಿದರೂ ಪ್ರಯೋಜನವಿಲ್ಲ.

3. ಯಾರು, ಯಾರಿಗೆ, ಯಾವ ಕ್ರಮದಲ್ಲಿ

ಸಂಬಂಧ ತಂದವರನ್ನು ಬಿಟ್ಟು ನೇರವಾಗಿ ಮಾತಾಡಿದರೆ ಅವರಿಗೆ ಬೇಜಾರು. ಅವರ ಮೂಲಕವೇ ಹೇಳಿ ಕಳಿಸಿದರೆ ಮಾತು ದಾರಿಯಲ್ಲಿ ಬಣ್ಣ ಬದಲಾಯಿಸುತ್ತದೆ. ನೀವು ‘ಹುಡುಗನಿಗೆ ಮನಸ್ಸು ಬರಲಿಲ್ಲ’ ಅಂದಿರುತ್ತೀರಿ. ಮಧ್ಯದವರು ತಮ್ಮ ಮುಖ ಉಳಿಸಿಕೊಳ್ಳಲು ‘ಅವರಿಗೆ ಇನ್ನೂ ಸ್ವಲ್ಪ ಎತ್ತರ ಇರೋ ಹುಡುಗಿ ಬೇಕಂತೆ’ ಅಂದುಬಿಡುತ್ತಾರೆ. ಆ ಮಾತನ್ನು ಹುಡುಗಿ ಮರೆಯುವುದಿಲ್ಲ.

ಅದಕ್ಕೆ ನಾನು ಹೇಳುವ ಕ್ರಮ ಇದು. ಮೊದಲು ಸೋದರತ್ತೆಗೆ ಫೋನ್: ‘ಅಕ್ಕಾ, ನೀನು ಒಳ್ಳೆ ಸಂಬಂಧನೇ ತಂದಿದ್ದೆ. ಆದ್ರೆ ಅವನಿಗೆ ಮನಸ್ಸಾಗ್ತಿಲ್ಲ. ಅವರಿಗೆ ನಾನೇ ಈಗ ಫೋನ್ ಮಾಡಿ ಹೇಳ್ತೀನಿ. ಅದಾದ್ಮೇಲೆ ನೀನು ಬೇಕಾದ್ರೆ ಮಾತಾಡು.’ ಅದಾಗಿ ಹತ್ತು ನಿಮಿಷದೊಳಗೆ ಹುಡುಗಿಯ ತಂದೆಗೆ ಫೋನ್. ಎರಡರ ನಡುವೆ ಒಂದು ರಾತ್ರಿ ಕಳೆಯುವುದು ಬೇಡ.

ಕೆಲವು ಕಡೆ ಎರಡೂ ಮನೆಯವರು ನೇರ ಮಾತಾಡುವ ರೂಢಿಯೇ ಇಲ್ಲ, ಎಲ್ಲವೂ ಮಧ್ಯವರ್ತಿಯ ಮೂಲಕವೇ. ಹಾಗಿದ್ದರೆ ಅವರಿಗೆ ‘ಏನೋ ಒಂದು ಹೇಳಿಬಿಡಿ’ ಅನ್ನಬೇಡಿ. ಹೇಳಬೇಕಾದ ಮಾತನ್ನು ನೀವೇ ಕೊಡಿ, ‘ಇಷ್ಟೇ ಹೇಳಿ, ಇದಕ್ಕೆ ಏನೂ ಸೇರಿಸಬೇಡಿ’ ಅನ್ನಿ.

ಫೋನ್ ಮಾಡಬೇಕಾದವರು ‘ನಾನೇ ಮಾಡ್ತೀನಿ’ ಅಂದವರು. ತಂದೆ ಮಾತು ಕೊಟ್ಟು ಬಂದು, ಬೇಡ ಅನ್ನುವ ಫೋನನ್ನು ಅಳಿಯನ ಕೈಲಿ ಮಾಡಿಸಿದರೆ ಅದು ಅಗೌರವ. ತಂದೆಗೆ ತಂದೆ, ತಾಯಿಗೆ ತಾಯಿ, ಹೀಗೆ ಸಮಾನರು ಮಾತಾಡಿದರೆ ಚೆನ್ನ. ತಂದೆ ಇಲ್ಲದ ಮನೆಯಾದರೆ ಅವತ್ತು ಎದುರಿಗೆ ಕೂತು ಮಾತಾಡಿದ ಹಿರಿಯರಿಗೆ, ಅವರು ಸೋದರಮಾವ ಇರಲಿ, ಅಣ್ಣ ಇರಲಿ, ಅವರಿಗೇ ಹೇಳಿ.

4. ಕಾರಣ: ಹೆಚ್ಚಿನವರು ಕೆಡಿಸಿಕೊಳ್ಳುವ ಜಾಗ

ನೋವಾಗದಿರಲಿ ಅಂತ ನಾವು ಒಂದು ಕಾರಣ ಹುಡುಕುತ್ತೇವೆ. ಆದರೆ ನೀವು ಕೊಟ್ಟ ಕಾರಣವನ್ನು ಮಗಳ ಮದುವೆ ಮಾಡಬೇಕಾದ ತಂದೆ ಕೇಳಿಸಿಕೊಳ್ಳುವುದು ಬೇರೆ ಥರ. ಅವರಿಗೆ ಅದು ಪರಿಹಾರ ಹುಡುಕಬೇಕಾದ ಒಂದು ತೊಂದರೆ.

ನಮ್ಮ ಉದಾಹರಣೆಯಲ್ಲಿ ಹುಡುಗನ ತಾಯಿ ‘ಶಿವಮೊಗ್ಗ ದೂರ ಆಯ್ತು ಅಂತ ಹೇಳೋಣ’ ಅಂದರು. ಹಾಗೆ ಹೇಳಿದರೆ ಏನಾಗುತ್ತದೆ? ಆ ಕಡೆಯಿಂದ ತಕ್ಷಣ ಉತ್ತರ ಬರುತ್ತದೆ: ‘ಅಯ್ಯೋ, ಅದಕ್ಕೇನಂತೆ? ಅವಳು ಬೆಂಗಳೂರಿಗೆ ವರ್ಗಾವಣೆಗೆ ಹಾಕ್ತಾಳೆ.’ ಈಗ ನೀವು ಇನ್ನೊಂದು ಕಾರಣ ಹುಡುಕಬೇಕು. ಅದಕ್ಕೂ ಅವರು ಪರಿಹಾರ ಹೇಳುತ್ತಾರೆ. ಮೂರನೆಯ ಕಾರಣಕ್ಕೆ ನೀವು ಸುಳ್ಳು ಹೇಳುತ್ತಿದ್ದೀರಿ ಅಂತ ಇಬ್ಬರಿಗೂ ಗೊತ್ತಾಗಿರುತ್ತದೆ. ಅದೂ ಅಲ್ಲದೆ, ಶಿವಮೊಗ್ಗ ಎಲ್ಲಿದೆ ಅಂತ ಗೊತ್ತಿದ್ದೇ ಅಲ್ವಾ ಹೋದದ್ದು?

ಜಾತಕದ ನೆಪ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಅಪಾಯದ್ದೂ ಹೌದು. ನಮ್ಮಲ್ಲಿ ಸಾಮಾನ್ಯವಾಗಿ ಜಾತಕ ಕೂಡಿದ ಮೇಲೇ ಹೆಣ್ಣು ನೋಡಲು ಹೋಗುವುದು. 36 ಗುಣಗಳಲ್ಲಿ 18 ದಾಟಿದರೆ ಸಾಕು ಅನ್ನುತ್ತಾರೆ. ಅವರ ಹತ್ತಿರ ತಮ್ಮ ಜೋಯಿಸರು ಬರೆದುಕೊಟ್ಟ ಚೀಟಿಯೂ ಇರುತ್ತದೆ. ಈಗ ನೀವು ‘ನಮ್ಮವರು ನಾಡಿದೋಷ ಇದೆ ಅಂದ್ರು’ ಅಂದರೆ (ನಾಡಿ ಅಂದರೆ ಆ 36ರಲ್ಲಿ 8 ಗುಣ ಹಿಡಿಯುವ ಕೂಟ, ಇಬ್ಬರದ್ದೂ ಒಂದೇ ನಾಡಿಯಾದರೆ ದೋಷ ಅನ್ನುತ್ತಾರೆ) ಅವರು ಮಾರನೆಯ ದಿನ ಬೇರೆ ಜೋಯಿಸರಿಂದ ಪರಿಹಾರ ಕೇಳಿಕೊಂಡು ಬರುತ್ತಾರೆ. ಇನ್ನೂ ಕೆಟ್ಟದ್ದು ಏನೆಂದರೆ ‘ಅವಳ ಜಾತಕದಲ್ಲಿ ಏನೋ ದೋಷ ಇದೆಯಂತೆ’ ಎಂಬ ಮಾತು ಊರಲ್ಲಿ ನಿಂತುಬಿಡುತ್ತದೆ. ಮುಂದಿನ ಸಂಬಂಧಕ್ಕೂ ಅದು ಅಡ್ಡ ಬರಬಹುದು. ನಿಮಗೆ ಸುಲಭವಾಗಲಿ ಅಂತ ಇನ್ನೊಬ್ಬರ ಮಗಳ ಜಾತಕಕ್ಕೆ ಕಪ್ಪು ಹಚ್ಚಬೇಡಿ. ಭೇಟಿಗೆ ಮುಂಚೆಯೇ ಜಾತಕ ಕೂಡಿರದಿದ್ದರೆ ಮಾತು ಬೇರೆ, ಆದರೆ ಆಗ ಹೋಗುವ ಅಗತ್ಯವೇ ಇರಲಿಲ್ಲ.

‘ಅವನು ಈಗಲೇ ಮದುವೆ ಬೇಡ ಅಂತಿದಾನೆ, ಒಂದು ವರ್ಷ ಆಗಲಿ’ ಅನ್ನುವುದು ಮೂರನೆಯ ನೆಪ. ಮೂರು ತಿಂಗಳಲ್ಲಿ ನಿಮ್ಮ ಮನೆಯಲ್ಲೇ ನಿಶ್ಚಿತಾರ್ಥವಾಗಿ, ಸೋದರತ್ತೆಯ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಫೋಟೋ ಬಂದಾಗ ಆ ನೆಪದ ಬಂಡವಾಳ ಬಯಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೆಲವರು ನಿಜವಾಗಿಯೂ ಒಂದು ವರ್ಷ ಕಾಯುತ್ತಾರೆ.

ಹಾಗಾದರೆ ಏನು ಹೇಳಬೇಕು? ಮಾತು ನಿಮ್ಮ ಕಡೆಯದಾಗಿರಲಿ, ಸತ್ಯವಾಗಿರಲಿ, ಪರಿಹಾರ ಹುಡುಕಲು ಜಾಗವಿಲ್ಲದ್ದಾಗಿರಲಿ. ‘ನಮ್ಮ ಹುಡುಗನಿಗೆ ಮನಸ್ಸು ಕೂಡಿ ಬರಲಿಲ್ಲ’ ಅನ್ನುವುದಕ್ಕೆ ಈ ಮೂರೂ ಇವೆ. ಹುಡುಗಿಯಲ್ಲಿ ಕೊರತೆ ಇದೆ ಅಂತ ಅದು ಹೇಳುವುದಿಲ್ಲ. ಅದಕ್ಕೆ ವರ್ಗಾವಣೆಯೂ ಪರಿಹಾರವಲ್ಲ, ಶಾಂತಿ ಹೋಮವೂ ಅಲ್ಲ. ಹಿರಿಯರಿಗೆ ‘ಋಣಾನುಬಂಧ ಇಲ್ಲ ಅಂತ ಕಾಣುತ್ತೆ’ ಅನ್ನುವ ಮಾತೂ ಹಿಡಿಸುತ್ತದೆ. ಇಬ್ಬರ ತಪ್ಪೂ ಅಲ್ಲ, ಸಂಬಂಧ ಕೂಡಿ ಬರಬೇಕಿತ್ತು, ಬರಲಿಲ್ಲ ಅನ್ನುವುದು ಅದರ ಅರ್ಥ. ಅದೊಂದನ್ನೇ ಹೇಳಿ ನಿಲ್ಲಿಸಬೇಡಿ, ‘ಬೇಡ’ ಅನ್ನುವುದು ಸ್ಪಷ್ಟವಾದ ಮೇಲೆ ಸೇರಿಸಿ. ಇಲ್ಲದಿದ್ದರೆ ಮಾತು ತೇಲಿಸಿದ ಹಾಗಾಗುತ್ತದೆ.

ಒಂದು ಅಪವಾದ ಇದೆ. ಮಾತಿನಲ್ಲಿ ನಿಜವಾಗಿಯೂ ಹೊಸ ವಿಷಯ ತಿಳಿದು ಬಂದಿದ್ದರೆ ಅದನ್ನೇ ಹೇಳಬಹುದು. ಹುಡುಗಿ ‘ಮದುವೆ ಆದ್ಮೇಲೂ ಶಿವಮೊಗ್ಗದಲ್ಲೇ ಇರ್ತೀನಿ, ಅಪ್ಪ ಅಮ್ಮಂಗೆ ನಾನೊಬ್ಬಳೇ’ ಅಂದಿದ್ದು, ಹುಡುಗ ಬೆಂಗಳೂರು ಬಿಡಲಾಗದಿದ್ದರೆ ಅದು ಮರ್ಯಾದೆಯ ಕಾರಣ. ಇಬ್ಬರ ಆಸೆಯೂ ನ್ಯಾಯವಾದದ್ದೇ. ಬಣ್ಣ, ಎತ್ತರ, ದಪ್ಪ, ಮನೆಯ ಅನುಕೂಲ, ತಂಗಿಯ ಅಂತರ್ಜಾತಿ ಮದುವೆ ಇಂಥವನ್ನು ಮಾತ್ರ ಯಾವ ರೂಪದಲ್ಲೂ ತರಬೇಡಿ, ತಮಾಷೆಯಲ್ಲೂ ಬೇಡ.

5. ಫೋನ್ ಮಾಡುವುದು

ಭೇಟಿಯಾಗಿ ಎರಡರಿಂದ ಮೂರು ದಿನ ಬಿಟ್ಟು ಮಾಡಿ. ಅದೇ ರಾತ್ರಿ ಮಾಡಿದರೆ ಯೋಚನೆಯನ್ನೇ ಮಾಡಲಿಲ್ಲ ಅನ್ನಿಸುತ್ತದೆ. ಒಂದು ವಾರ ದಾಟಿದರೆ ಬೇರೆ ಕಡೆ ನೋಡಿಕೊಂಡು ಬಂದು ಇದನ್ನು ಬಿಟ್ಟರು ಅನ್ನಿಸುತ್ತದೆ. ಬುಧವಾರ ಅಂದಿದ್ದರೆ ಮಂಗಳವಾರ ಸಂಜೆಯೋ ಬುಧವಾರವೋ ಮುಗಿಸಿ. ಹಬ್ಬದ ದಿನ, ಅವರ ಮನೆಯಲ್ಲಿ ಪೂಜೆ ಇರುವ ದಿನ ಬಿಡಿ. ಸಂಜೆ ದೀಪ ಹಚ್ಚುವ ಹೊತ್ತಿನಲ್ಲೂ ಕೆಲವರಿಗೆ ಇಂಥ ಮಾತು ಸೇರುವುದಿಲ್ಲ. ಏಳೂವರೆ ಎಂಟರ ಹೊತ್ತು ಒಳ್ಳೆಯದು. ಆಗ ಆಫೀಸು ಮುಗಿದಿರುತ್ತದೆ, ಊಟಕ್ಕೆ ಕೂತಿರುವುದಿಲ್ಲ.

ಬರೀ ಮೆಸೇಜು ಕಳಿಸುವುದು ಬೇಡ. ನಿಮ್ಮನ್ನು ಮನೆಗೆ ಕರೆದು ಎಲೆ ಅಡಿಕೆ ಕೊಟ್ಟು ಕಳಿಸಿದವರಿಗೆ ಎರಡು ಸಾಲು ಟೈಪ್ ಮಾಡಿ ಕೈ ಮುಗಿಯುವ ಚಿತ್ರ ಹಾಕುವುದು ಚೆನ್ನಾಗಿ ಕಾಣುವುದಿಲ್ಲ. ಮೂರು ಸಲ ಮಾಡಿದರೂ ಫೋನ್ ಎತ್ತದಿದ್ದರೆ ಮಾತ್ರ ‘ನಮಸ್ಕಾರ, ಮಾತಾಡಬೇಕಿತ್ತು, ಬಿಡುವಾದಾಗ ತಿಳಿಸಿ’ ಎಂದು ಬರೆಯಿರಿ. ವಿಷಯ ಬರೆಯಬೇಡಿ.

ಫೋನ್ ಎತ್ತಿದ ಮೇಲೆ ಹವಾಮಾನ, ಅಡಿಕೆ ರೇಟು, ಪ್ರಯಾಣದ ಮಾತು ಹತ್ತು ನಿಮಿಷ ಆಡಬೇಡಿ. ಅಷ್ಟು ಹೊತ್ತೂ ಅವರ ಎದೆ ಹೊಡೆದುಕೊಳ್ಳುತ್ತಿರುತ್ತದೆ. ನಗುನಗುತ್ತಾ ಶುರು ಮಾಡಿದರೆ ಒಪ್ಪಿದ್ದಾರೆ ಅಂತಲೇ ತಿಳಿಯುತ್ತಾರೆ. ತುಮಕೂರಿನ ತಂದೆ ಹೀಗೆ ಮಾತಾಡಬಹುದು:

‘ನಮಸ್ಕಾರ ರಾಯರೇ, ತುಮಕೂರಿಂದ ಮಾತಾಡ್ತಿದೀನಿ. ಒಂದೈದು ನಿಮಿಷ ಮಾತಾಡಬಹುದಾ? ಭಾನುವಾರ ನೀವೆಲ್ಲ ನಮ್ಮನ್ನ ತುಂಬಾ ಚೆನ್ನಾಗಿ ನೋಡ್ಕೊಂಡ್ರಿ. ಮಗು ಕೂಡ ಎಷ್ಟು ತಿಳಿದು ಮಾತಾಡಿದ್ಲು ಅಂತ ನಮ್ಮ ಮನೆಯವರು ಹೇಳ್ತಾನೇ ಇದಾರೆ. ಆದ್ರೆ ನೇರವಾಗಿ ಹೇಳಿಬಿಡ್ತೀನಿ. ನಮ್ಮ ಹುಡುಗನಿಗೆ ಮನಸ್ಸು ಕೂಡಿ ಬರಲಿಲ್ಲ. ಹಾಗಾಗಿ ನಾವು ಮುಂದುವರಿಯೋದು ಬೇಡ ಅಂತ ತೀರ್ಮಾನ ಮಾಡಿದೀವಿ. ನಿಮ್ಮನ್ನ ಕಾಯಿಸಬಾರದು ಅಂತ ನಾನೇ ಫೋನ್ ಮಾಡಿದೆ.’

ಇಷ್ಟು ಹೇಳಿ ನಿಲ್ಲಿಸಿ. ಆ ಕಡೆ ಮೌನ ಇರುತ್ತದೆ. ಆ ಮೌನ ತುಂಬಲು ಹೋಗಿಯೇ ಜನ ‘ಇಲ್ಲ, ಅಂದ್ರೆ, ನೋಡೋಣ, ಮುಂದೆ ಏನಾದ್ರೂ…’ ಅಂತ ಶುರು ಮಾಡುವುದು. ‘ನೋಡೋಣ’ ಅಂದರೆ ಮತ್ತೆ ಬಾಗಿಲು ತೆರೆದ ಹಾಗೆ. ಅವರೇ ಮಾತಾಡಲಿ, ಕಾಯಿರಿ. ಹೆಚ್ಚಿನವರು ‘ಆಯ್ತು ಬಿಡಿ, ತಿಳಿಸಿದ್ದಕ್ಕೆ ಸಂತೋಷ’ ಅನ್ನುತ್ತಾರೆ.

ಹುಡುಗಿಯನ್ನು ಹೊಗಳುವುದು ಒಂದೇ ವಾಕ್ಯದಲ್ಲಿರಲಿ, ಅದೂ ನೀವು ಕಣ್ಣಾರೆ ಕಂಡದ್ದೇ ಆಗಿರಲಿ. ‘ಚಿನ್ನದಂಥ ಹುಡುಗಿ, ಇಂಥವಳು ಸಿಗಲ್ಲ’ ಎಂದು ಹತ್ತು ಸಲ ಅಂದರೆ ‘ಹಾಗಾದ್ರೆ ಯಾಕೆ ಬೇಡ?’ ಎಂಬ ಪ್ರಶ್ನೆಯನ್ನು ನೀವೇ ಅವರ ಬಾಯಿಗೆ ಕೊಟ್ಟ ಹಾಗಾಗುತ್ತದೆ. ‘ಅವಳಿಗೆ ಇನ್ನೂ ಒಳ್ಳೆ ಕಡೆ ಸಿಗ್ತಾನೆ ಬಿಡಿ’ ಅನ್ನುವ ಸಮಾಧಾನವೂ ಬೇಡ. ಕೇಳಿದವರಿಗೆ ಅದು ಕನಿಕರದ ಹಾಗೆ ಕೇಳಿಸುತ್ತದೆ.

6. ‘ಯಾಕೆ?’ ಎಂದು ಕೇಳಿದರೆ

ಕೇಳುತ್ತಾರೆ. ಕೇಳುವುದು ಸಹಜ. ಉತ್ತರ ಬದಲಾಯಿಸದಿರುವುದಷ್ಟೇ ನಿಮ್ಮ ಕೆಲಸ.

‘ನಮ್ಮ ಕಡೆಯಿಂದ ಏನಾದ್ರೂ ತಪ್ಪಾಯ್ತಾ?’ ಅಂದರೆ: ‘ಖಂಡಿತ ಇಲ್ಲ. ನೀವಾಗಲಿ ಮಗುವಾಗಲಿ ಏನೂ ತಪ್ಪು ಮಾಡಿಲ್ಲ.’

‘ಕೊಡೋದು ಬಿಡೋದು ಏನಾದ್ರೂ ಇದ್ರೆ ಮಾತಾಡೋಣ’ ಅಂದರೆ ಅಲ್ಲೇ ತಡೆಯಿರಿ: ‘ಆ ಮಾತೇ ಬೇಡ ರಾಯರೇ. ಅದು ನಮ್ಮ ಮನಸ್ಸಲ್ಲೇ ಇಲ್ಲ.’ ಇಲ್ಲಿ ಸ್ವಲ್ಪ ತಡವರಿಸಿದರೂ ವರದಕ್ಷಿಣೆಗಾಗಿ ಬಿಟ್ಟರು ಅನ್ನುವ ಅರ್ಥ ಬರುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದು, ತೆಗೆದುಕೊಳ್ಳುವುದು ಅಷ್ಟೇ ಅಲ್ಲ, ಕೇಳುವುದೂ ಅಪರಾಧ.

‘ಇನ್ನೊಂದು ಸಲ ಮಾತಾಡಿಸಿ ನೋಡಿ’ ಅಂದರೆ: ‘ಎರಡು ದಿನ ಟೈಮ್ ಕೊಟ್ಟು ಕೇಳಿದೀವಿ. ಅವನ ಮಾತು ಅದೇ. ಒತ್ತಾಯ ಮಾಡಿ ಮಾಡಿದ್ರೆ ನಾಳೆ ಇಬ್ರಿಗೂ ಕಷ್ಟ ಅಲ್ವಾ?’ ಮೂರನೆಯ ಸಲವೂ ಕೇಳಿದರೆ ಹೊಸ ಮಾತು ಸೇರಿಸದೆ ಇದನ್ನೇ ಮತ್ತೆ ಹೇಳಿ.

ಕೋಪದಲ್ಲಿ ಒಂದೆರಡು ಮಾತು ಬಂದರೆ ಕೇಳಿಸಿಕೊಳ್ಳಿ. ‘ಐದು ಜನ ಬಂದು ತಿಂಡಿ ತಿಂದು ಹೋದ್ರಿ’ ಅಂದರೂ ಅದಕ್ಕೆ ಉತ್ತರ ಕೊಡಬೇಡಿ. ‘ನಿಮಗೆ ಬೇಜಾರಾಗಿದೆ, ಅರ್ಥ ಆಗುತ್ತೆ. ಕ್ಷಮಿಸಿ’ ಅಂದು ಫೋನ್ ಇಡಿ.

7. ಹುಡುಗ ಹುಡುಗಿ ನಂಬರ್ ಬದಲಾಯಿಸಿಕೊಂಡಿದ್ದರೆ

ಈಗ ಹೆಚ್ಚಾಗಿ ಹೀಗೇ ಆಗುತ್ತದೆ. ಭಾನುವಾರ ರಾತ್ರಿಯೇ ‘ಮನೆ ತಲುಪಿದ್ರಾ?’ ಶುರುವಾಗಿರುತ್ತದೆ. ಮನಸ್ಸಿಲ್ಲ ಅಂತ ಗೊತ್ತಾದ ಮೇಲೂ ಹುಡುಗ ಮರ್ಯಾದೆಗೆ ಅಂತ ಚಾಟ್ ಮಾಡುತ್ತಿದ್ದರೆ ಅದು ಮರ್ಯಾದೆಯಲ್ಲ. ಮಂಗಳವಾರ ಮಧ್ಯಾಹ್ನದವರೆಗೂ ಚಾಟ್ ಮಾಡಿ, ಸಂಜೆ ಅಪ್ಪನ ಕೈಲಿ ಬೇಡ ಅನ್ನಿಸಿದರೆ ಆ ಹುಡುಗಿ ಏನೆಂದುಕೊಳ್ಳಬೇಕು?

ಹಿರಿಯರ ಫೋನು ಮುಗಿದ ಕೂಡಲೇ ಹುಡುಗ ಒಂದು ಮೆಸೇಜು ಕಳಿಸಲಿ. ಇಲ್ಲಿ ಮೆಸೇಜು ಸಾಕು. ಹುಡುಗಿ ಆಗ ಅಪ್ಪ ಅಮ್ಮನ ಮುಂದೆ ಕೂತಿರಬಹುದು, ಫೋನ್ ಮಾಡಿದರೆ ಅವಳಿಗೇ ಇಕ್ಕಟ್ಟು. ‘ನಮಸ್ಕಾರ. ಅಪ್ಪ ಈಗ ನಿಮ್ಮ ತಂದೆಯವರ ಹತ್ತಿರ ಮಾತಾಡಿದ್ರು. ನನ್ನ ಕಡೆಯಿಂದಲೂ ಹೇಳಬೇಕು ಅನ್ನಿಸ್ತು. ನಿಮ್ಮ ಜೊತೆ ಮಾತಾಡಿದ್ದು ಸಂತೋಷ ಆಯ್ತು. ಆದ್ರೆ ಮದುವೆ ವಿಷಯದಲ್ಲಿ ನನಗೆ ಮನಸ್ಸು ಬರಲಿಲ್ಲ. ಈ ತೀರ್ಮಾನ ನನ್ನದೇ.’ ಅಷ್ಟೇ ಸಾಕು. ‘ಅಪ್ಪ ಅಮ್ಮ ಒಪ್ಪಲಿಲ್ಲ’ ಎಂದು ಹಿರಿಯರ ಮೇಲೆ ಹಾಕುವುದು ಬೇಡ. ‘ಫ್ರೆಂಡ್ಸ್ ಆಗಿರೋಣ’ ಅನ್ನುವುದೂ ಬೇಡ.

ಹುಡುಗಿ ಕಡೆಯವರು ಬೇಡ ಅನ್ನುವಾಗ

ಕ್ರಮ ಇದೇ, ಆದರೆ ಒಂದು ತೊಡಕಿದೆ. ಹುಡುಗನ ಕಡೆಯವರು ಹೇಳುವವರೆಗೆ ಹೆಣ್ಣಿನ ಕಡೆಯವರು ಕಾಯಬೇಕು ಅನ್ನುವ ಹಳೆಯ ರೂಢಿ ಇನ್ನೂ ಬಹಳ ಮನೆಗಳಲ್ಲಿದೆ. ಮಗಳಿಗೆ ಇಷ್ಟವಿಲ್ಲದಿದ್ದರೂ ‘ಅವರೇ ಬೇಡ ಅನ್ನಲಿ’ ಎಂದು ಕಾಯುತ್ತಾರೆ. ಅವರು ‘ಒಪ್ಪಿಗೆ’ ಅಂದುಬಿಟ್ಟರೆ ಇಕ್ಕಟ್ಟು ಎರಡರಷ್ಟಾಗುತ್ತದೆ. ಮಗಳು ಬೇಡ ಅಂದ ಕೂಡಲೇ ನೀವೇ ಮೊದಲು ಫೋನ್ ಮಾಡಿ. ‘ನಮ್ಮ ಹುಡುಗಿಗೆ ಮನಸ್ಸು ಕೂಡಿ ಬರಲಿಲ್ಲ’ ಅನ್ನುವುದು ಇಲ್ಲಿಯೂ ಅಷ್ಟೇ ಸರಿಯಾದ ಮಾತು. ‘ಅವಳು ಇನ್ನೂ ಓದ್ಬೇಕಂತೆ’ ಅನ್ನುವ ನೆಪಕ್ಕೆ ‘ಮದುವೆ ಆದ್ಮೇಲೆ ಓದ್ಲಿ ಬಿಡಿ’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ಅವರು ಬಾಯಿಬಿಟ್ಟು ಹಣವನ್ನೋ ಕಾರನ್ನೋ ಕೇಳಿದ್ದೇ ಕಾರಣವಾಗಿದ್ದರೆ ನಯಕ್ಕಾಗಿ ಅದನ್ನು ಮುಚ್ಚಬೇಕಿಲ್ಲ. ‘ನೀವು ಕೇಳಿದ್ದು ನಮಗೆ ಸರಿ ಅನ್ನಿಸಲಿಲ್ಲ, ಹಾಗಾಗಿ ಬೇಡ’ ಅನ್ನಿ.

8. ಫೋನ್ ಇಟ್ಟ ಮೇಲೆ

ಬಯೋಡೇಟಾ, ಜಾತಕ, ಫೋಟೋ ಕಾಗದದ ರೂಪದಲ್ಲಿ ಬಂದಿದ್ದರೆ ಸೋದರತ್ತೆಯ ಕೈಲಿ ವಾಪಸ್ ಕಳಿಸಿ. ಫೋನಿಗೆ ಬಂದಿದ್ದರೆ ಅಳಿಸಿ. ಆ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದರೆ ಅಲ್ಲಿಂದಲೂ ತೆಗೆಸಿ, ಹೋಗಿದ್ದ ಐವರೂ ಅಳಿಸಿದ್ದಾರಾ ಅಂತ ಕೇಳಿ. ‘ನನ್ನ ಗೆಳೆಯನ ಮಗನಿಗೆ ಆಗಬಹುದು’ ಎಂದು ಅವರನ್ನು ಕೇಳದೆ ಬೇರೆ ಕಡೆಗೆ ಕಳಿಸುವುದಂತೂ ಬೇಡ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಬೇಡ ಅಂದವರಿಂದ ಆ ಉಪಕಾರ ಅವರಿಗೆ ಬೇಕಿರುವುದಿಲ್ಲ. ಮ್ಯಾಟ್ರಿಮನಿ ಸೈಟಿನ ಮೂಲಕ ಪರಿಚಯವಾಗಿದ್ದರೆ ಅಲ್ಲಿ ನಿರಾಕರಿಸುವ ಬಟನ್ ಒತ್ತುವುದು ಫೋನಾದ ಮೇಲೇ. ಮೊದಲೇ ಒತ್ತಿದರೆ ಅವರ ಮೊಬೈಲಿಗೆ ಸೈಟಿನಿಂದ ಸುದ್ದಿ ಹೋಗಿಬಿಡುತ್ತದೆ.

ನೆಂಟರು ಕೇಳಿದರೆ ಎಲ್ಲರಿಗೂ ಒಂದೇ ಉತ್ತರ: ‘ಒಳ್ಳೆ ಜನ. ಕೂಡಿ ಬರಲಿಲ್ಲ.’ ‘ನಾವೇ ಬೇಡ ಅಂದ್ವಿ’ ಅನ್ನುವುದನ್ನು ಹೆಮ್ಮೆಯ ಹಾಗೆ ಹೇಳಿಕೊಂಡು ತಿರುಗಬೇಡಿ. ಒಂದೇ ಸಮುದಾಯ, ಒಂದೇ ಬಳಗ ಅಂದರೆ ಮಾತು ವಾಪಸ್ ಹೋಗಿಯೇ ಹೋಗುತ್ತದೆ.

ಮುಂದೆ ಯಾವುದಾದರೂ ಮದುವೆ ಛತ್ರದಲ್ಲಿ ಅವರು ಎದುರಾಗುತ್ತಾರೆ. ಬೇರೆ ಕಡೆ ನೋಡಿಕೊಂಡು ಹೋಗಿಬಿಡಬೇಡಿ. ಮೊದಲು ನೀವೇ ‘ನಮಸ್ಕಾರ ರಾಯರೇ, ಯಾವಾಗ ಬಂದ್ರಿ? ಊಟ ಆಯ್ತಾ?’ ಎಂದು ಕೇಳಿ. ಮಗಳ ಮದುವೆ ವಿಷಯ ಅವರಾಗಿ ಎತ್ತುವವರೆಗೆ ನೀವು ಎತ್ತಬೇಡಿ.

ನಿಮ್ಮ ಮಗನ ಮದುವೆ ನಿಶ್ಚಯವಾದಾಗ ಅವರಿಗೆ ಲಗ್ನಪತ್ರಿಕೆ ಕೊಡಬೇಕಾ ಅಂತಲೂ ಕೆಲವರು ಕೇಳುತ್ತಾರೆ. ಆ ಒಂದು ಭೇಟಿ ಬಿಟ್ಟು ಬೇರೆ ಪರಿಚಯ ಇಲ್ಲದಿದ್ದರೆ ಬೇಡ. ಮೊದಲಿಂದಲೇ ನೆಂಟರಾಗಿದ್ದರೆ ಕೊಡದಿರುವುದೇ ತಪ್ಪಾಗುತ್ತದೆ. ಆಗ ಅಂಚೆಯಲ್ಲಿ ಹಾಕದೆ ಮನೆಗೇ ಹೋಗಿ, ಎಲ್ಲರಿಗೂ ಕೊಡುವ ಹಾಗೆ ಅರಿಶಿನ ಕುಂಕುಮದ ಜೊತೆ ಕೊಟ್ಟು ಬನ್ನಿ.